ಸಣ್ಣ ಆಫೀಸಿನ ಐಟಿ ಆಸ್ತಿ ರಿಜಿಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತರಿಂದ ಐವತ್ತು ಜನ ಕೆಲಸ ಮಾಡುವ, ಐಟಿಗೆಂದೇ ಬೇರೆ ವಿಭಾಗ ಇಲ್ಲದ ಆಫೀಸುಗಳಿಂದ ಬರುವ ಪ್ರಶ್ನೆಗಳು ಇವು. ಹೆಚ್ಚಿನ ಕಡೆ ಅಡ್ಮಿನ್ ಕೆಲಸ ನೋಡುವವರೋ ಅಕೌಂಟ್ಸ್‌ನವರೋ ಈ ರಿಜಿಸ್ಟರ್ ನೋಡಿಕೊಳ್ಳುತ್ತಾರೆ. ಹಾಗಾಗಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಗೊತ್ತಿದ್ದರೆ ಸಾಕು ಅನ್ನುವಂತೆ ಉತ್ತರಿಸಿದ್ದೇನೆ.

ಮೊದಲೇ ಒಂದು ವಿಷಯ. ಇಂಥ ರಿಜಿಸ್ಟರ್‌ನಲ್ಲಿ ಮೂರು ಕಾಲಂ ಮೂರು ಬೇರೆ ಬೇರೆ ಹೊತ್ತಿನಲ್ಲಿ ಕೆಡುತ್ತವೆ. ಸೀರಿಯಲ್ ನಂಬರ್ ಬರೆಯುವ ದಿನವೇ ತಪ್ಪಾಗುತ್ತದೆ. ಯಾರ ಹತ್ತಿರ ಇದೆ ಅನ್ನುವುದು ಕೆಲವು ತಿಂಗಳಲ್ಲಿ ಹಳಸುತ್ತದೆ. ವಾರಂಟಿ ದಿನಾಂಕ ತಪ್ಪಿದ್ದು ಮಾತ್ರ ಲ್ಯಾಪ್‌ಟಾಪ್ ಕೆಟ್ಟ ದಿನವೇ ಗೊತ್ತಾಗುವುದು. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಮೂರರ ಸುತ್ತಲೇ ಇವೆ.

## ಶುರು ಮಾಡುವವರಿಗೆ

ನಮ್ಮಲ್ಲಿ ಇರೋದೇ ಹದಿನೈದು ಲ್ಯಾಪ್‌ಟಾಪ್. ಇದಕ್ಕೂ ರಿಜಿಸ್ಟರ್ ಬೇಕಾ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಒಬ್ಬರು ನಾಳೆ ಕೆಲಸ ಬಿಟ್ಟರೆ ಅವರಿಂದ ಏನೇನು ವಾಪಸ್ ತೆಗೆದುಕೊಳ್ಳಬೇಕು? ಈಗ ಆನ್ ಆಗದೆ ನಿಂತಿರುವ ಲ್ಯಾಪ್‌ಟಾಪ್‌ಗೆ ವಾರಂಟಿ ಇದೆಯಾ? ಪ್ರಯಾಣದಲ್ಲಿ ಒಂದು ಲ್ಯಾಪ್‌ಟಾಪ್ ಕಳುವಾದರೆ ಅದರ ಸೀರಿಯಲ್ ನಂಬರ್ ಏನು? ಯಾರನ್ನೂ ಕೇಳದೆ, ಹಳೆಯ ಇಮೇಲ್ ಹುಡುಕದೆ ಈ ಮೂರಕ್ಕೂ ಉತ್ತರ ಕೊಡಬಲ್ಲಿರಾದರೆ ರಿಜಿಸ್ಟರ್ ಬೇಡ.

ಸಾಮಾನ್ಯವಾಗಿ ಎಲ್ಲರೂ ಎಡವುವುದು ಮೂರನೆಯದರಲ್ಲಿ. ಪೊಲೀಸ್ ದೂರಿಗೂ ವಿಮೆಗೂ ಸೀರಿಯಲ್ ನಂಬರ್ ಕೇಳುತ್ತಾರೆ. ಅದು ಇರುವುದು ಕಳುವಾದ ಲ್ಯಾಪ್‌ಟಾಪ್‌ನ ತಳದಲ್ಲೇ ಅಲ್ವಾ! ವಸ್ತು ಕೈಯಲ್ಲಿರುವಾಗ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಬಿಲ್ ಹುಡುಕಬೇಕು, ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲೇಬೇಕು ಅಂತೇನಿಲ್ಲ.

ಯಾವುದನ್ನೆಲ್ಲ ಸೇರಿಸಬೇಕು? ಮೌಸ್, ಕೇಬಲ್ ಕೂಡ ಬರೀಬೇಕಾ?

ಬೇಡ. ನಾನು ಅನುಸರಿಸುವ ನಿಯಮ ಸರಳ: ಆ ವಸ್ತುವಿನಲ್ಲಿ ಆಫೀಸಿನ ಡೇಟಾ ಉಳಿಯುತ್ತದೆ ಅಥವಾ ಕೆಟ್ಟರೆ ನೀವು ವಾರಂಟಿ ಕೇಳಲು ಹೋಗುತ್ತೀರಿ ಅಂದರೆ ಅದು ರಿಜಿಸ್ಟರ್‌ಗೆ ಸೇರಬೇಕು. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮಾನಿಟರ್, ಪ್ರಿಂಟರ್, ರೌಟರ್, ಸ್ವಿಚ್, ಯುಪಿಎಸ್, ಆಫೀಸಿನ ಮೊಬೈಲ್, ಹೊರಗಿನ ಹಾರ್ಡ್ ಡಿಸ್ಕ್ ಎಲ್ಲ ಸೇರುತ್ತವೆ. ಮೌಸ್, ಕೀಬೋರ್ಡ್, ಕೇಬಲ್ ಸೇರುವುದಿಲ್ಲ. ಅವು ಎಷ್ಟಿವೆ ಅಂತ ಎಣಿಸಿಟ್ಟರೆ ಸಾಕು.

ಚಾರ್ಜರ್‌ಗೆ ಬೇರೆ ಸಾಲು ಬೇಡ, ಆದರೆ ಲ್ಯಾಪ್‌ಟಾಪ್ ಕೊಡುವಾಗ "ಚಾರ್ಜರ್ ಸಹಿತ" ಅಂತ ಬರೆಯಿರಿ. ವಾಪಸ್ ಬರುವಾಗ ಮರೆತುಹೋಗುವುದು ಅದೇ.

ಎಷ್ಟು ಕಾಲಂ ಇಟ್ಟರೆ ಸಾಕು?

ಹತ್ತು. ಇಂಟರ್ನೆಟ್‌ನಲ್ಲಿ ಸಿಗುವ ಟೆಂಪ್ಲೇಟುಗಳಲ್ಲಿ ಮೂವತ್ತು ನಲವತ್ತು ಕಾಲಂ ಇರುತ್ತವೆ. ಮೊದಲ ವಾರ ಎಲ್ಲ ತುಂಬುತ್ತೀರಿ, ಆಮೇಲೆ ಅರ್ಧ ಖಾಲಿ ಬೀಳುತ್ತವೆ. ಖಾಲಿ ಕಾಲಂ ಜಾಸ್ತಿಯಾದಷ್ಟೂ "ಇದು ಸರಿಯಾಗಿ ಇಟ್ಟಿಲ್ಲ" ಅಂತ ಜನ ಆ ಶೀಟನ್ನೇ ನಂಬುವುದು ಬಿಡುತ್ತಾರೆ.

ಮುಖ್ಯ ಶೀಟಿಗೆ `Assets` ಅಂತ ಹೆಸರಿಡಿ. A ಕಾಲಂನಿಂದ J ವರೆಗೆ ಹೀಗಿರಲಿ:

```
A  ಟ್ಯಾಗ್ ನಂಬರ್
B  ಬಗೆ (ಲ್ಯಾಪ್‌ಟಾಪ್, ಮಾನಿಟರ್...)
C  ಕಂಪನಿ ಮತ್ತು ಮಾಡೆಲ್
D  ಸೀರಿಯಲ್ ನಂಬರ್
E  ಬಿಲ್ ದಿನಾಂಕ
F  ಬಿಲ್ ನಂಬರ್, ಮಾರಿದವರು
G  ವಾರಂಟಿ ಮುಗಿಯುವ ದಿನ
H  ವಾರಂಟಿ ಬಗೆ
I  ಈಗ ಯಾರ ಹತ್ತಿರ
J  ಟಿಪ್ಪಣಿ
```

ಇದರ ಜೊತೆ `Log` ಅನ್ನುವ ಎರಡನೇ ಶೀಟ್ ಒಂದು ಬೇಕು. ಅದರ ಕೆಲಸ ಏನು ಅಂತ ಮುಂದೆ ಹೇಳುತ್ತೇನೆ. ಪಾಸ್‌ವರ್ಡ್‌ಗಳನ್ನು ಮಾತ್ರ ಈ ಫೈಲಿನಲ್ಲಿ ಎಲ್ಲೂ ಬರೆಯಬೇಡಿ. ಸುಮ್ನೆ ಟಿಪ್ಪಣಿ ಕಾಲಂನಲ್ಲಿ ಇರಲಿ ಅಂತ ಹಾಕಿಬಿಡುವವರು ತುಂಬಾ ಜನ.

ಸೀರಿಯಲ್ ನಂಬರ್ ಇದ್ದೇ ಇದೆಯಲ್ಲ, ಮತ್ತೆ ನಾವೇ ಬೇರೆ ನಂಬರ್ ಯಾಕೆ ಕೊಡಬೇಕು?

ಸೀರಿಯಲ್ ನಂಬರ್ ಕಂಪನಿಯ ಲೆಕ್ಕಕ್ಕೆ, ಟ್ಯಾಗ್ ನಂಬರ್ ನಿಮ್ಮ ಲೆಕ್ಕಕ್ಕೆ. ಸೀರಿಯಲ್ ನಂಬರಿನ ಅಕ್ಷರ ಸಣ್ಣದು, ಒಂದೊಂದು ಕಂಪನಿಯದು ಒಂದೊಂದು ಉದ್ದ, ಕೆಲವು ವಸ್ತುಗಳಿಗೆ ಅದು ಇರುವುದೇ ಇಲ್ಲ. ಫೋನಿನಲ್ಲಿ ಯಾರಾದರೂ "ನನ್ನ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ" ಅಂದಾಗ `A-0017` ಅಂತ ಹೇಳುವುದು ಸುಲಭ.

ಟ್ಯಾಗ್ ನಂಬರಿನೊಳಗೆ ಅರ್ಥ ತುಂಬಬೇಡಿ. `ACC-LAP-2F-03` ಅಂತ ವಿಭಾಗ, ಬಗೆ, ಮಹಡಿ ಎಲ್ಲ ಸೇರಿಸಿದರೆ ಮೊದಲು ನೋಡಲು ಚೆಂದ. ಆದರೆ ಆ ಲ್ಯಾಪ್‌ಟಾಪ್ ಬೇರೆ ವಿಭಾಗಕ್ಕೆ ಹೋದ ದಿನ ಸ್ಟಿಕ್ಕರ್ ಸುಳ್ಳು ಹೇಳಲು ಶುರು ಮಾಡುತ್ತದೆ. `A-0001`ರಿಂದ ಸಾಲಾಗಿ ಕೊಡುತ್ತಾ ಹೋಗಿ. ಒಮ್ಮೆ ಬಳಸಿದ ನಂಬರನ್ನು ಮತ್ತೆ ಬಳಸಬೇಡಿ, ವಸ್ತು ಮಾರಿ ವರ್ಷಗಳಾಗಿದ್ದರೂ ಸರಿ.

ಸ್ಟಿಕ್ಕರ್ ಕಾಗದದ್ದಾದರೆ ಕೈ ಬೆವರಿಗೇ ಮಾಸುತ್ತದೆ. ಪಾಲಿಯೆಸ್ಟರ್ ಅಥವಾ ಲ್ಯಾಮಿನೇಟ್ ಆದ ಲೇಬಲ್ ತೆಗೆದುಕೊಳ್ಳಿ. ಗಾಳಿ ಆಡುವ ಕಿಂಡಿಯ ಮೇಲೆ, ಬಿಚ್ಚಿ ತೆಗೆಯಬಹುದಾದ ಭಾಗದ ಮೇಲೆ, ಕಂಪನಿಯ ಸೀರಿಯಲ್ ಲೇಬಲ್ ಮೇಲೆ ಅಂಟಿಸಬೇಡಿ.

## ಸೀರಿಯಲ್ ನಂಬರ್

ಸೀರಿಯಲ್ ನಂಬರ್ ಎಲ್ಲಿ ನೋಡಿ ಬರೆದುಕೊಳ್ಳೋದು? ಕೆಳಗಿನ ಸ್ಟಿಕ್ಕರ್ ಅಳಿಸಿ ಹೋಗಿದೆ.

ಕಂಪ್ಯೂಟರ್ ಆನ್ ಆಗುತ್ತದೆ ಅಂದರೆ ಸ್ಟಿಕ್ಕರ್ ಬೇಕಾಗಿಯೇ ಇಲ್ಲ. ಮದರ್‌ಬೋರ್ಡ್‌ನಲ್ಲೇ ಕೂತಿರುವ ಮೂಲ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್‌ನಲ್ಲೇ ಸೀರಿಯಲ್ ನಂಬರ್ ಇರುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಇದನ್ನು ಕೊಡಿ:

```powershell
Get-CimInstance Win32_BIOS | Select-Object SerialNumber
Get-CimInstance Win32_ComputerSystem | Select-Object Manufacturer, Model
```

ಹಳೆಯ ಲೇಖನಗಳಲ್ಲಿ `wmic bios get serialnumber` ಅಂತ ಇರುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅದು ನಡೆಯುತ್ತದೆ, ಆದರೆ ಮೈಕ್ರೋಸಾಫ್ಟ್ `wmic` ಅನ್ನು ಕೈಬಿಡುತ್ತಿದೆ. ಹೊಸ ವಿಂಡೋಸ್ 11ರಲ್ಲಿ "ಇಂಥ ಕಮಾಂಡ್ ಇಲ್ಲ" ಅಂತ ಬಂದರೆ ಗಾಬರಿ ಬೇಡ, ಮೇಲಿನದನ್ನು ಬಳಸಿ.

ಮ್ಯಾಕ್‌ನಲ್ಲಿ ಆಪಲ್ ಮೆನುವಿನ `About This Mac` ನೋಡಿದರೆ ಸಾಕು. ಲಿನಕ್ಸ್‌ನಲ್ಲಿ:

```
sudo dmidecode -s system-serial-number
```

ಮೊಬೈಲ್‌ನಲ್ಲಿ `*#06#` ಒತ್ತಿದರೆ ಐಎಂಇಐ ಬರುತ್ತದೆ. ಕಳುವಾದರೆ ಕೇಳುವುದು ಅದನ್ನೇ, ಹಾಗಾಗಿ ಮೊಬೈಲ್‌ಗೆ ಸೀರಿಯಲ್ ನಂಬರ್ D ಕಾಲಂನಲ್ಲಿ, ಐಎಂಇಐ ಟಿಪ್ಪಣಿಯಲ್ಲಿ ಇರಲಿ. ಎರಡು ಸಿಮ್ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡನ್ನೂ ಬರೆಯಿರಿ.

ಪರದೆಯಿಂದ ಕಾಪಿ ಮಾಡಲು ಆಗುವುದಾದರೆ ಕೈಯಿಂದ ಟೈಪ್ ಮಾಡಬೇಡಿ. ಸೊನ್ನೆ ಯಾವುದು, ಇಂಗ್ಲಿಷ್ `O` ಯಾವುದು, `8` ಯಾವುದು, `B` ಯಾವುದು ಅಂತ ಸಣ್ಣ ಲೇಬಲ್ ಮೇಲೆ ಹೇಳುವುದು ಕಷ್ಟ. ಮಾನಿಟರ್, ಪ್ರಿಂಟರ್‌ಗಳಿಗೆ ಲೇಬಲ್ಲೇ ಗತಿ. ಅಲ್ಲಿ ಮೊಬೈಲ್‌ನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ ಬರೆಯಿರಿ. ಫೋಟೊದ ಫೈಲಿಗೆ ಟ್ಯಾಗ್ ನಂಬರನ್ನೇ ಹೆಸರಾಗಿ ಇಟ್ಟು ಉಳಿಸಿಕೊಳ್ಳಿ.

ಲೇಬಲ್ ಮೇಲೆ ಮೂರ್ನಾಲ್ಕು ನಂಬರ್ ಇವೆ. ಯಾವುದನ್ನು ಬರೀಬೇಕು?

`S/N` ಅಂತ ಇರುವುದನ್ನು. `P/N` ಅಥವಾ `Product No.` ಅಂದರೆ ಆ ಮಾಡೆಲ್‌ನ ನಂಬರ್, ಒಂದೇ ಬಗೆಯ ಹತ್ತು ಲ್ಯಾಪ್‌ಟಾಪ್‌ಗೂ ಅದು ಒಂದೇ. ಶೀಟಿನಲ್ಲಿ ಐದು ಸಾಲಿಗೆ ಒಂದೇ "ಸೀರಿಯಲ್" ಕಂಡರೆ ಯಾರೋ ಇದನ್ನೇ ಬರೆದಿದ್ದಾರೆ ಅಂತ ಅರ್ಥ.

ಡೆಲ್ ಕಂಪ್ಯೂಟರ್‌ಗಳಲ್ಲಿ `Service Tag` ಅನ್ನುವ ಏಳು ಅಕ್ಷರ-ಅಂಕಿಗಳ ನಂಬರೇ ಸೀರಿಯಲ್ ನಂಬರ್. ಪಕ್ಕದಲ್ಲಿರುವ `Express Service Code` ಅದನ್ನೇ ಬರೀ ಅಂಕಿಗಳಲ್ಲಿ ಬರೆದದ್ದು, ಬೇರೆ ಬರೆದುಕೊಳ್ಳಬೇಕಿಲ್ಲ. ಎಚ್‌ಪಿಯಲ್ಲಿ ವಾರಂಟಿ ನೋಡುವಾಗ ಒಮ್ಮೊಮ್ಮೆ ಸೀರಿಯಲ್ ಜೊತೆ ಪ್ರಾಡಕ್ಟ್ ನಂಬರನ್ನೂ ಕೇಳುತ್ತಾರೆ, ಅದನ್ನು ಮಾಡೆಲ್ ಕಾಲಂನಲ್ಲಿ ಇಡಿ. ಲೆನೊವೊ ಬಾರ್‌ಕೋಡ್‌ ಸ್ಕ್ಯಾನ್ ಮಾಡಿದರೆ `1S` ಅಂತ ಶುರುವಾಗುವ ಉದ್ದ ಸಾಲು ಬರಬಹುದು. ಅದರಲ್ಲಿ ಮಾಡೆಲ್ ನಂಬರ್ ಮೊದಲು, ಸೀರಿಯಲ್ ಕೊನೆಗೆ ಇರುತ್ತದೆ. ಇಡೀ ಸಾಲನ್ನು ಹಾಗೇ ಹಾಕಿದರೆ ವಾರಂಟಿ ಪುಟದಲ್ಲಿ ಹುಡುಕುವಾಗ ಸಿಗದೇ ಹೋಗಬಹುದು.

ಬರೆದದ್ದು ಸರಿಯೇ ಅಂತ ತಿಳಿಯಲು ಒಂದೇ ಒಳ್ಳೆಯ ಪರೀಕ್ಷೆ: ಆ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ನಿಮ್ಮ ಕೈಯಲ್ಲಿರುವ ಮಾಡೆಲ್ಲೇ ಬಂದರೆ ಸರಿ. ವಾರಂಟಿ ದಿನಾಂಕವೂ ಅಲ್ಲೇ ಸಿಗುವುದರಿಂದ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ.

ಕಮಾಂಡ್ ಕೊಟ್ಟರೆ "To Be Filled By O.E.M." ಅಂತ ಬರ್ತಿದೆ. ಇದೇನು?

ಅದು ಜೋಡಿಸಿದ ಡೆಸ್ಕ್‌ಟಾಪ್. ಬಿಡಿಭಾಗ ತಂದು ಕಟ್ಟಿದ ಕಂಪ್ಯೂಟರ್‌ಗೆ ಒಟ್ಟಾರೆ ಸೀರಿಯಲ್ ನಂಬರ್ ಅಂತ ಇರುವುದಿಲ್ಲ. ಮದರ್‌ಬೋರ್ಡ್ ತಯಾರಕರು ಖಾಲಿ ಬಿಟ್ಟ ಜಾಗದಲ್ಲಿ ಆ ಮಾತು ಇರುತ್ತದೆ, `Default string` ಅಂತಲೂ ಬರಬಹುದು. ಅದನ್ನು D ಕಾಲಂಗೆ ಹಾಕಬೇಡಿ, ಎಲ್ಲ ಜೋಡಿಸಿದ ಡೆಸ್ಕ್‌ಟಾಪ್‌ಗೂ ಅದೇ ಬರುತ್ತದೆ.

ಇಂಥದ್ದಕ್ಕೆ ನಿಮ್ಮ ಟ್ಯಾಗ್ ನಂಬರೇ ಗುರುತು. D ಕಾಲಂನಲ್ಲಿ "ಇಲ್ಲ" ಅಂತ ಬರೆದು, ಟಿಪ್ಪಣಿಯಲ್ಲಿ ಮದರ್‌ಬೋರ್ಡ್, ಎಸ್‌ಎಸ್‌ಡಿ, ಪವರ್ ಸಪ್ಲೈಗಳ ಸೀರಿಯಲ್ ಹಾಕಿ. ಇಲ್ಲಿ ವಾರಂಟಿಯೂ ಭಾಗಕ್ಕೊಂದು. ಒಂದೇ ಡಬ್ಬಿಯಲ್ಲಿ ಮೂರು ಬೇರೆ ದಿನಾಂಕ ಇರುತ್ತವೆ. G ಕಾಲಂನಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವ ದಿನಾಂಕ ಇಡಿ, ಉಳಿದದ್ದು ಟಿಪ್ಪಣಿಗೆ.

ಎಕ್ಸೆಲ್‌ನಲ್ಲಿ ಹಾಕಿದ ಸೀರಿಯಲ್ ನಂಬರ್ ತಾನಾಗೇ ಬದಲಾಗುತ್ತಿದೆ! ಯಾಕೆ?

ಸೀರಿಯಲ್ ನಂಬರ್ ನಮಗೆ ಹೆಸರಿದ್ದ ಹಾಗೆ, ಎಕ್ಸೆಲ್‌ಗೆ ಅದು ಲೆಕ್ಕದ ಸಂಖ್ಯೆ. `0047120` ಹಾಕಿದರೆ ಮುಂದಿನ ಸೊನ್ನೆ ಹೋಗಿ `47120` ಆಗುತ್ತದೆ. `45E12` ಹಾಕಿದರೆ ಅದನ್ನು ಘಾತಸಂಖ್ಯೆ ಅಂದುಕೊಂಡು `4.50E+13` ಮಾಡುತ್ತದೆ. 15 ಅಂಕಿಗಿಂತ ಉದ್ದದ ಸಂಖ್ಯೆ ಬಂದರೆ 15ರ ಆಚೆಗಿನ ಅಂಕಿಗಳೆಲ್ಲ ಸೊನ್ನೆ ಆಗುತ್ತವೆ.

ಮದ್ದು ಒಂದೇ, ಆದರೆ ಅದನ್ನು ಮೊದಲೇ ಮಾಡಬೇಕು. D ಕಾಲಂ ಪೂರ್ತಿ ಆಯ್ಕೆ ಮಾಡಿ, `Format Cells`ನಲ್ಲಿ `Text` ಕೊಟ್ಟು, ಆಮೇಲೆ ಟೈಪ್ ಮಾಡಿ. ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆ `Plain text` ಅಂತಾರೆ. ಸಂಖ್ಯೆ ಕೆಟ್ಟ ಮೇಲೆ `Text` ಮಾಡಿದರೆ ಕಳೆದ ಸೊನ್ನೆ ವಾಪಸ್ ಬರುವುದಿಲ್ಲ.

ಒಂದೇ ಸೀರಿಯಲ್ ಎರಡು ಕಡೆ ಇದೆಯಾ ನೋಡಲು ಪಕ್ಕದ ಯಾವುದಾದರೂ ಖಾಲಿ ಕಾಲಂನಲ್ಲಿ ಹೀಗೆ ಹಾಕಿ:

```
=AND(D2<>"",D2<>"ಇಲ್ಲ",SUMPRODUCT(--(D$2:D$500=D2))>1)
```

`TRUE` ಬಂದ ಸಾಲು ನೋಡಿ. ಇದಕ್ಕೆ `COUNTIF` ಬಳಸುವವರೇ ಹೆಚ್ಚು. ಆದರೆ ಅದು ಅಂಕಿಗಳಿಂದ ತುಂಬಿದ ಪಠ್ಯವನ್ನೂ ಸಂಖ್ಯೆಯಾಗಿ ನೋಡುತ್ತದೆ. ಉದ್ದದ ಸೀರಿಯಲ್‌ಗಳ ಕೊನೆಯ ಅಂಕಿ ಮಾತ್ರ ಬೇರೆ ಇದ್ದರೂ ಎರಡೂ ಒಂದೇ ಅನ್ನಬಹುದು.

## ಯಾರ ಹತ್ತಿರ ಇದೆ

ಲ್ಯಾಪ್‌ಟಾಪ್ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಹೆಸರು ಬದಲಿಸಿದರೆ ಸಾಕಲ್ವಾ?

ಸಾಲದು. ಎಲ್ಲ ರಿಜಿಸ್ಟರ್‌ಗಳೂ ಕೆಡುವುದು ಇಲ್ಲೇ. ಹೆಸರಿನ ಮೇಲೆ ಹೆಸರು ಬರೆದರೆ ಹಿಂದಿನದು ಅಳಿಸಿಹೋಗುತ್ತದೆ. ಆರು ತಿಂಗಳ ಮೇಲೆ ಪರದೆ ಸೀಳಿರುವುದು ಕಂಡರೆ ಅದು ಯಾರ ಕೈಯಲ್ಲಿದ್ದಾಗ ಆಯಿತು ಅಂತ ಹೇಳಲು ಏನೂ ಉಳಿದಿರುವುದಿಲ್ಲ. ಜೊತೆಗೆ, ಹೆಸರು ಬದಲಿಸಲು ಮರೆತರೆ ಮರೆತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಅದಕ್ಕೇ `Log` ಶೀಟ್. ಅದರಲ್ಲಿ A ದಿನಾಂಕ, B ಟ್ಯಾಗ್ ನಂಬರ್, C ಯಾರಿಂದ, D ಯಾರಿಗೆ, E ಟಿಪ್ಪಣಿ. ಕೆಳಗಿನ ಉದಾಹರಣೆಯಲ್ಲಿ `E-07`, `E-19` ಅಂದರೆ ಉದ್ಯೋಗಿಗಳ ಕೋಡ್. ವಸ್ತು ಕೈ ಬದಲಿಸಿದಾಗಲೆಲ್ಲ ಕೆಳಗೆ ಒಂದು ಹೊಸ ಸಾಲು. ಹಳೆಯ ಸಾಲನ್ನು ತಿದ್ದುವ ಹಾಗಿಲ್ಲ, ಅಳಿಸುವ ಹಾಗೂ ಇಲ್ಲ.

```
2023-06-12  A-0017  ಖರೀದಿ   ಸ್ಟಾಕ್
2023-06-15  A-0017  ಸ್ಟಾಕ್   E-07    ಚಾರ್ಜರ್, ಬ್ಯಾಗ್ ಸಹಿತ
2024-09-30  A-0017  E-07    ಸ್ಟಾಕ್   ಚಾರ್ಜರ್ ಇಲ್ಲ
2024-10-03  A-0017  ಸ್ಟಾಕ್   E-19    ಹೊಸ ಚಾರ್ಜರ್ ಕೊಟ್ಟಿದೆ
```

ಮುಖ್ಯ ಶೀಟಿನ I ಕಾಲಂನಲ್ಲಿ ಹೆಸರನ್ನು ಕೈಯಿಂದ ಬರೆಯಬೇಡಿ. ಲಾಗ್‌ನಲ್ಲಿ ಆ ಟ್ಯಾಗ್‌ನ ಕೊನೆಯ ಸಾಲು ಯಾವುದೋ ಅದೇ ತಾನಾಗಿ ಬರಲಿ:

```
=XLOOKUP(A2,Log!B:B,Log!D:D,"",0,-1)
```

ಕೊನೆಯ `-1` ಅಂದರೆ ಕೆಳಗಿನಿಂದ ಮೇಲಕ್ಕೆ ಹುಡುಕು ಅಂತ. ಎಕ್ಸೆಲ್ 2021, ಮೈಕ್ರೋಸಾಫ್ಟ್ 365, ಗೂಗಲ್ ಶೀಟ್ಸ್ ಮೂರರಲ್ಲೂ ಇದು ನಡೆಯುತ್ತದೆ. ಹಳೆಯ ಎಕ್ಸೆಲ್ ಇದ್ದರೆ:

```
=IFERROR(LOOKUP(2,1/(Log!$B$2:$B$2000=A2),Log!$D$2:$D$2000),"")
```

ಎರಡೂ ಸೂತ್ರಗಳು ದಿನಾಂಕ ನೋಡುವುದಿಲ್ಲ, ಸಾಲಿನ ಕ್ರಮವನ್ನಷ್ಟೇ ನೋಡುತ್ತವೆ. ಯಾರಾದರೂ ಲಾಗ್ ಶೀಟನ್ನು ಹೊಸದು ಮೇಲೆ ಬರುವಂತೆ ಸಾರ್ಟ್ ಮಾಡಿದರೆ ಮುಖ್ಯ ಶೀಟ್ ಇಡೀ ಪ್ರತಿ ವಸ್ತುವಿನ ಮೊಟ್ಟಮೊದಲ ಸಾಲನ್ನು, ಅಂದರೆ "ಸ್ಟಾಕ್" ಅಂತಲೇ ತೋರಿಸುತ್ತದೆ. ಹುಡುಕಲು ಫಿಲ್ಟರ್ ಬಳಸಿ, ಸಾರ್ಟ್ ಬೇಡ.

"ಯಾರಿಗೆ" ಕಾಲಂನಲ್ಲಿ ಜನರ ಜೊತೆಗೆ ಇನ್ನು ನಾಲ್ಕು ಮಾತು ಬರಬಹುದು: ಸ್ಟಾಕ್, ರಿಪೇರಿ, ಕಳವು, ವಿಲೇವಾರಿ. ಇದರಿಂದ "ಸ್ಥಿತಿ" ಅನ್ನುವ ಬೇರೆ ಕಾಲಂ ಬೇಕಾಗುವುದಿಲ್ಲ. ಎರಡೂ ಕಾಲಂ ಇದ್ದ ಕಡೆ ಒಂದರಲ್ಲಿ "ರಿಪೇರಿ", ಇನ್ನೊಂದರಲ್ಲಿ ಯಾರದೋ ಹೆಸರು ಇರುವುದು ಮಾಮೂಲು. ಹೆಸರು, ಈ ನಾಲ್ಕು ಮಾತು ಎಲ್ಲವನ್ನೂ `Data Validation` ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಇಲ್ಲದಿದ್ದರೆ ಒಬ್ಬರದೇ ಹೆಸರು ಮೂರು ಕಾಗುಣಿತದಲ್ಲಿ ಬಂದು, ಅವರು ಕೆಲಸ ಬಿಡುವ ದಿನ ಫಿಲ್ಟರ್ ಮಾಡಿದಾಗ ಮಾನಿಟರ್ ತಪ್ಪಿಸಿಕೊಳ್ಳುತ್ತದೆ.

ಪ್ರಿಂಟರ್, ರೌಟರ್ ಎಲ್ಲರೂ ಬಳಸ್ತಾರೆ. ಯಾರ ಹೆಸರಿಗೆ ಬರೆಯೋದು?

"ಎಲ್ಲರೂ" ಅಂತ ಮಾತ್ರ ಬರೆಯಬೇಡಿ. ಜಾಗದ ಹೆಸರು ಮತ್ತು ಜವಾಬ್ದಾರಿ ಹೊತ್ತವರ ಕೋಡ್ ಎರಡೂ ಇರಲಿ, ಉದಾಹರಣೆಗೆ "ಮೀಟಿಂಗ್ ರೂಮ್ / E-03". ಜವಾಬ್ದಾರಿ ಅಂದರೆ ಕೆಟ್ಟರೆ ದೂರು ಕೊಡುವವರು, ಎಣಿಕೆಯ ದಿನ "ಹೌದು, ಇದೆ" ಅನ್ನುವವರು, ಅಷ್ಟೇ.

## ವಾರಂಟಿ

ವಾರಂಟಿ ಯಾವ ದಿನದಿಂದ ಲೆಕ್ಕ? ಬಿಲ್ ದಿನಾಂಕವೋ, ಕಂಪನಿ ವೆಬ್‌ಸೈಟ್ ತೋರಿಸೋ ದಿನಾಂಕವೋ?

ಕೆಟ್ಟ ದಿನ ಸರ್ವಿಸ್‌ನವರು ಮೊದಲು ನೋಡುವುದು ತಮ್ಮ ಕಂಪನಿಯ ದಾಖಲೆಯನ್ನು. ಆ ದಿನಾಂಕಕ್ಕೂ ನಿಮ್ಮ ಬಿಲ್‌ಗೂ ಹೊಂದದಿರುವುದು ತೀರಾ ಸಾಮಾನ್ಯ. ಕಾರಣ, ಕಂಪನಿಯ ದಾಖಲೆ ಅನೇಕ ಸಲ ವಸ್ತು ಕಾರ್ಖಾನೆಯಿಂದ ಡೀಲರ್‌ಗೆ ಹೊರಟ ದಿನದಿಂದ ಶುರುವಾಗಿರುತ್ತದೆ. ಡೀಲರ್ ಗೋದಾಮಿನಲ್ಲಿ ಕಳೆದ ದಿನಗಳೂ ನಿಮ್ಮ ವಾರಂಟಿಯಿಂದಲೇ ಹೋಗುತ್ತವೆ.

ಮೇಲಿನ `A-0017` ಅನ್ನೇ ತೆಗೆದುಕೊಳ್ಳೋಣ. ಬಿಲ್ ದಿನಾಂಕ 2023 ಜೂನ್ 12, ಮೂರು ವರ್ಷದ ವಾರಂಟಿ. ಬಿಲ್ ಪ್ರಕಾರ 2026 ಜೂನ್ 11ರವರೆಗೆ ಇರಬೇಕು. ಕಂಪನಿಯ ಪುಟದಲ್ಲಿ ನೋಡಿದರೆ 2023 ಏಪ್ರಿಲ್ 28ಕ್ಕೆ ಶುರು, 2026 ಏಪ್ರಿಲ್ 27ಕ್ಕೆ ಕೊನೆ ಅಂತಿದೆ. ಅಂದರೆ 45 ದಿನ ಕಡಿಮೆ. 2026ರ ಮೇ ತಿಂಗಳಲ್ಲಿ ಪರದೆ ಕೆಟ್ಟರೆ ನಿಮ್ಮ ಶೀಟ್ "ಇದೆ" ಅನ್ನುತ್ತದೆ, ಅವರು "ಮುಗಿದಿದೆ" ಅನ್ನುತ್ತಾರೆ.

ಬಿಲ್ ಕಳಿಸಿ ದಿನಾಂಕ ತಿದ್ದಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ, ಕೆಲವು ಕಂಪನಿಗಳು ಅದಕ್ಕೂ ಗಡುವು ಇಡುತ್ತವೆ. ಹಾಗಾಗಿ ವಸ್ತು ಬಂದ ವಾರವೇ ಸೀರಿಯಲ್ ಹಾಕಿ ನೋಡಿ, ವ್ಯತ್ಯಾಸ ಇದ್ದರೆ ಆಗಲೇ ಬಿಲ್ ಕಳಿಸಿ. ತಿದ್ದುವವರೆಗೆ G ಕಾಲಂನಲ್ಲಿ ಕಂಪನಿಯ ದಿನಾಂಕವೇ ಇರಲಿ, ಟಿಪ್ಪಣಿಯಲ್ಲಿ "ಬಿಲ್ ಪ್ರಕಾರ 2026-06-11, ತಿದ್ದಲು ಕೇಳಿದೆ" ಅಂತ ಬರೆಯಿರಿ. `=EDATE(E2,36)-1` ಅಂತ ಸೂತ್ರ ಹಾಕಿ ಬಿಟ್ಟುಬಿಡುವುದು ಸುಲಭ. ಆದರೆ ಅದು ನೀವು ಅಂದುಕೊಂಡ ದಿನಾಂಕ, ಅವರು ಒಪ್ಪುವ ದಿನಾಂಕ ಅಲ್ಲ.

ಮೂರು ವರ್ಷ ವಾರಂಟಿ ಅಂತ ತಗೊಂಡ್ವಿ. ಈಗ ಬ್ಯಾಟರಿಗೆ ಇಲ್ಲ ಅಂತಾರೆ. ಸರೀನಾ?

ಹೆಚ್ಚಿನ ಸಲ ಸರಿಯೇ. ಲ್ಯಾಪ್‌ಟಾಪ್‌ಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಕೊಡುವುದು ಸಾಮಾನ್ಯ. H ಕಾಲಂ ಇರುವುದು ಇದಕ್ಕೇ. ಅಲ್ಲಿ ಮೂರು ವಿಷಯ ಚಿಕ್ಕದಾಗಿ ಬರೆಯಿರಿ: ಅವರು ಆಫೀಸಿಗೆ ಬರುತ್ತಾರೋ ನಾವು ಒಯ್ಯಬೇಕೋ, ಬಿದ್ದು ಒಡೆದರೆ ಸೇರುತ್ತದೋ ಇಲ್ಲವೋ, ಬ್ಯಾಟರಿಗೆ ಯಾವತ್ತಿನವರೆಗೆ.

ವಾರಂಟಿ ಮುಗಿಯೋ ಮುಂಚೆ ನೆನಪಿಸೋ ಹಾಗೆ ಮಾಡೋದು ಹೇಗೆ?

K ಕಾಲಂನಲ್ಲಿ ಉಳಿದ ದಿನ ತೋರಿಸಿ:

```
=IF(ISNUMBER(G2),G2-TODAY(),"ದಿನಾಂಕ ನೋಡಿ")
```

ಈ `ISNUMBER` ಸುಮ್ನೆ ಹಾಕಿದ್ದಲ್ಲ. ದಿನಾಂಕದ ಹಾಗೆ ಕಾಣುವುದೆಲ್ಲ ಎಕ್ಸೆಲ್‌ಗೆ ದಿನಾಂಕ ಅಲ್ಲ. `27.04.2026` ಅಂತ ಚುಕ್ಕೆ ಇಟ್ಟು ಬರೆದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಅದು ಬರೀ ಪಠ್ಯ. ಆಗ "ದಿನಾಂಕ ನೋಡಿ" ಅಂತ ಬರುತ್ತದೆ, ತಿದ್ದಬಹುದು. ಇನ್ನೂ ಕೆಟ್ಟದ್ದು `05/04/2026`. ಅದು ಏಪ್ರಿಲ್ 5 ಆಗಬಹುದು, ಮೇ 4 ಕೂಡ ಆಗಬಹುದು, ಎರಡೂ ಸರಿಯಾದ ದಿನಾಂಕವೇ ಆದ್ದರಿಂದ ಸೂತ್ರಕ್ಕೂ ಗೊತ್ತಾಗುವುದಿಲ್ಲ. ಎಲ್ಲ ಕಡೆ `2026-04-05` ಅಂತ ವರ್ಷ ಮೊದಲು ಬರೆದರೆ ಈ ತಕರಾರು ಇಲ್ಲ.

ಇನ್ನು `Conditional Formatting`ನಲ್ಲಿ ಈ ಷರತ್ತು ಕೊಟ್ಟು ಹಳದಿ ಬಣ್ಣ ಹಾಕಿ:

```
=AND(ISNUMBER($K2),$K2>=0,$K2<=60)
```

ಅರವತ್ತು ದಿನ ಯಾಕೆ ಅಂದರೆ ಆ ಹೊತ್ತಿನಲ್ಲಿ ಮಾಡಲು ಕೆಲಸ ಇದೆ. ಬಳಸುವವರನ್ನು ಕರೆದು "ಏನಾದರೂ ತೊಂದರೆ ಇದೆಯಾ" ಅಂತ ಕೇಳಿ. ಸಡಿಲವಾದ ಹಿಂಜು, ಒಂದು ಕಡೆ ಹಿಡಿಯದ ಚಾರ್ಜಿಂಗ್ ಪೋರ್ಟ್, ಕೆಲಸ ಮಾಡದ ಕೀಲಿ ಇವಕ್ಕೆಲ್ಲ ಜನ ಹೊಂದಿಕೊಂಡುಬಿಟ್ಟಿರುತ್ತಾರೆ, ದೂರು ಕೊಟ್ಟಿರುವುದಿಲ್ಲ. ವಾರಂಟಿ ಇರುವಾಗಲೇ ಅವನ್ನು ಸರಿ ಮಾಡಿಸಿಕೊಳ್ಳಬಹುದು. ಬ್ಯಾಟರಿಯ ವಾರಂಟಿ ಮುಗಿಯುವ ಮುಂಚೆಯೂ ಹೀಗೇ `powercfg /batteryreport` ಕೊಟ್ಟು ನೋಡಿ. ವರದಿಯಲ್ಲಿ `DESIGN CAPACITY`ಗಿಂತ `FULL CHARGE CAPACITY` ತೀರಾ ಕಡಿಮೆ ಇದ್ದರೆ ಆಗಲೇ ಕೇಳಿ. ಆದರೆ ಬಳಕೆಯಿಂದ ಸವೆದದ್ದನ್ನು ಕಂಪನಿಗಳು ಒಪ್ಪುವುದು ಕಷ್ಟ, ಅದನ್ನೂ ತಿಳಿದಿರಿ.

ಬಣ್ಣ ಶೀಟ್ ತೆರೆದರೆ ಮಾತ್ರ ಕಾಣುತ್ತದೆ. ತಿಂಗಳ ಮೊದಲ ಕೆಲಸದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ನೆನಪಿನ ಕರೆ ಇಟ್ಟುಕೊಳ್ಳಿ.

## ಇನ್ನೂ ಮುಂದೆ

ಸರ್ವಿಸ್‌ನವರು ಮದರ್‌ಬೋರ್ಡ್ ಬದಲಿಸಿದರು. ಇನ್ನೊಂದಕ್ಕೆ ಬೇರೆ ಲ್ಯಾಪ್‌ಟಾಪೇ ಕೊಟ್ಟರು. ರಿಜಿಸ್ಟರ್‌ನಲ್ಲಿ ಹೇಗೆ ಬರೆಯೋದು?

ಎರಡೂ ಬೇರೆ. ಮದರ್‌ಬೋರ್ಡ್ ಬದಲಾದರೆ ವಸ್ತು ಅದೇ, ಟ್ಯಾಗ್ ಅದೇ, ತಳದ ಲೇಬಲ್ಲಿನ ಸೀರಿಯಲ್ಲೂ ಅದೇ. ಆದರೆ ಹೊಸ ಬೋರ್ಡಿನ ಫರ್ಮ್‌ವೇರ್‌ಗೆ ಹಳೆಯ ಸೀರಿಯಲ್ ನಂಬರನ್ನು ಟೆಕ್ನಿಷಿಯನ್ ಬರೆಯಬೇಕು. ಒಮ್ಮೊಮ್ಮೆ ಮರೆಯುತ್ತಾರೆ. ಅವರು ಹೊರಡುವ ಮುಂಚೆ ಮೇಲಿನ ಪವರ್‌ಶೆಲ್ ಕಮಾಂಡ್ ಕೊಟ್ಟು ನೋಡಿ. ಖಾಲಿ ಬಂದರೆ ಅಲ್ಲೇ ಬರೆಸಿಕೊಳ್ಳಿ. ಇನ್ನೊಂದು ಮಾತು: ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್‌ಗೆ ಬೋರ್ಡ್ ಬದಲಾದರೆ ಆನ್ ಮಾಡಿದ ಕೂಡಲೇ ರಿಕವರಿ ಕೀ ಕೇಳುತ್ತದೆ. ಆ ಕೀ ಎಲ್ಲಿದೆ ಅಂತ ರಿಪೇರಿಗೆ ಕೊಡುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಪೂರ್ತಿ ಬೇರೆ ಲ್ಯಾಪ್‌ಟಾಪ್ ಬಂದರೆ ಅದು ಹೊಸ ವಸ್ತು. ಹಳೆಯ ಸಾಲಿನಲ್ಲಿ ಸೀರಿಯಲ್ ಅಳಿಸಿ ಹೊಸದನ್ನು ಬರೆಯುವ ಆಸೆ ಬರುತ್ತದೆ, ಬೇಡ. `A-0017` ಬದಲಿಗೆ ಬೇರೊಂದು ಬಂತು ಅನ್ನಿ. ಅದಕ್ಕೆ `A-0041` ಅಂತ ಹೊಸ ಸಾಲು, ಹೊಸ ಸೀರಿಯಲ್, ಹೊಸ ಸ್ಟಿಕ್ಕರ್. ಲಾಗ್‌ನಲ್ಲಿ `A-0017` ವಿಲೇವಾರಿಗೆ, ಟಿಪ್ಪಣಿ "ಬದಲಿಗೆ A-0041 ಬಂತು". `A-0041`ರ ಟಿಪ್ಪಣಿಯಲ್ಲಿ "A-0017ರ ಬದಲಿ". ಬಿಲ್ ನಂಬರ್ ಹಳೆಯದೇ. ವಾರಂಟಿಯೂ ಸಾಮಾನ್ಯವಾಗಿ ಹಳೆಯದರಲ್ಲಿ ಉಳಿದಷ್ಟೇ ಇರುತ್ತದೆ, ಮತ್ತೆ ಮೂರು ವರ್ಷ ಸಿಗುವುದಿಲ್ಲ. ಹೊಸ ಸೀರಿಯಲ್‌ಗೆ ಆ ವಾರಂಟಿ ವರ್ಗ ಆಗಿದೆಯೇ ಅಂತ ಕಂಪನಿಯ ಪುಟದಲ್ಲಿ ನೋಡಿ, ಆಗದೇ ಉಳಿಯುವುದುಂಟು. ಹಣ ಕೊಟ್ಟು ವಾರಂಟಿ ಹೆಚ್ಚಿಸಿಕೊಂಡಿದ್ದರೆ ಇದನ್ನು ಖಂಡಿತ ನೋಡಬೇಕು.

ರಿಜಿಸ್ಟರ್ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ? ವರ್ಷಕ್ಕೊಮ್ಮೆ ಎಣಿಸಿದರೆ ಸಾಕಾ?

ಎಣಿಸುವ ದಿಕ್ಕು ಮುಖ್ಯ. ಪಟ್ಟಿ ಹಿಡಿದು "ಇದು ಇದೆಯಾ, ಅದು ಇದೆಯಾ" ಅಂತ ಹುಡುಕಿದರೆ ಪಟ್ಟಿಯಲ್ಲಿ ಇಲ್ಲದ ವಸ್ತು ಎಂದೂ ಸಿಗುವುದಿಲ್ಲ. ಹಾಗಾಗಿ ಮೊದಲು ಪಟ್ಟಿ ಪಕ್ಕಕ್ಕಿಟ್ಟು ಆಫೀಸ್ ಸುತ್ತಿ, ಕಂಡ ಪ್ರತಿ ವಸ್ತುವಿನ ಟ್ಯಾಗ್ ಬರೆದುಕೊಳ್ಳಿ. ಬೀರು, ಸರ್ವರ್ ಮೂಲೆ, ಮೀಟಿಂಗ್ ರೂಮಿನ ಮೇಜಿನ ಅಡಿ ಎಲ್ಲ ನೋಡಿ. ಆಮೇಲೆ ಪಟ್ಟಿಯೊಂದಿಗೆ ಹೋಲಿಸಿ. ಮನೆಯಿಂದ ಕೆಲಸ ಮಾಡುವವರಿಂದ ಸ್ಟಿಕ್ಕರ್‌ನ ಫೋಟೊ ಮತ್ತು ಸೀರಿಯಲ್ ಕಮಾಂಡ್‌ನ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.

ಸಿಗುವ ತಪ್ಪು ಯಾವ ಬಗೆಯದು ಅನ್ನುವುದರಲ್ಲೇ ಕಾರಣ ಇರುತ್ತದೆ. ಟ್ಯಾಗ್ ಇಲ್ಲದ ವಸ್ತುಗಳು ಸಿಕ್ಕರೆ ಖರೀದಿಯ ಕಡೆ ತೂತಿದೆ. ಅದಕ್ಕೆ ಮದ್ದು: ಬಿಲ್ ಮೇಲೆ ಟ್ಯಾಗ್ ನಂಬರ್ ಬರೆಯದೆ ಹಣ ಪಾವತಿ ಆಗಬಾರದು. ವಸ್ತು ಇದೆ, ಆದರೆ ಬೇರೆಯವರ ಹತ್ತಿರ ಇದೆ ಅಂದರೆ ಲಾಗ್ ಬರೆಯುತ್ತಿಲ್ಲ. ಟ್ಯಾಗ್ ಸರಿ, ಸೀರಿಯಲ್ ಬೇರೆ ಅಂದರೆ ಮೊದಲೇ ತಪ್ಪಾಗಿ ಬರೆದಿದೆ, ಇಲ್ಲವೇ ಸರ್ವಿಸ್‌ನಿಂದ ಬದಲಾಗಿ ಬಂದಿದೆ. ಎಣಿಕೆಯಲ್ಲಿ ತಪ್ಪು ಜಾಸ್ತಿ ಸಿಕ್ಕರೆ ಮುಂದಿನದನ್ನು ಮೂರು ತಿಂಗಳಿಗೇ ಮಾಡಿ, ಇಲ್ಲದಿದ್ದರೆ ವರ್ಷಕ್ಕೊಮ್ಮೆ ಸಾಕು.

ಹಳೇ ಕಂಪ್ಯೂಟರ್ ಮಾರಿದ ಮೇಲೆ ಆ ಸಾಲು ಅಳಿಸಬಹುದಾ?

ಬೇಡ. ಲಾಗ್‌ನಲ್ಲಿ "ವಿಲೇವಾರಿ" ಬರೆದು, ಯಾರಿಗೆ ಕೊಟ್ಟಿರಿ, ಡಿಸ್ಕ್ ಅಳಿಸಿದ್ದು ಯಾರು, ಯಾವ ದಿನ, ಹೇಗೆ ಅಂತ ಟಿಪ್ಪಣಿ ಹಾಕಿ. ಎಲ್ಲೋ ಹಳೆಯ ಡಿಸ್ಕ್‌ನಲ್ಲಿ ನಿಮ್ಮ ಆಫೀಸಿನ ಫೈಲ್ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಆಗ ಬೇಕಾಗುವುದು ಈ ಸಾಲೇ. ಸುಮ್ನೆ ಫಾರ್ಮ್ಯಾಟ್ ಮಾಡಿದರೆ ಡೇಟಾ ಪೂರ್ತಿ ಹೋಗಿರುವುದಿಲ್ಲ, ಎಸ್‌ಎಸ್‌ಡಿಗೆ ತಯಾರಕರ ಸೆಕ್ಯೂರ್ ಇರೇಸ್ ಬಳಸಿ. ಆಪಲ್ ವಸ್ತುವಾದರೆ ಹಳೆಯ ಖಾತೆಯಿಂದ ಸೈನ್ ಔಟ್ ಮಾಡಿಸಿ, ಇಲ್ಲದಿದ್ದರೆ ಕೊಂಡವರಿಗೆ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುವ ಆಕ್ಟಿವೇಷನ್ ಲಾಕ್ ಎದುರಾಗುತ್ತದೆ. ಅಷ್ಟು ಹೊತ್ತಿಗೆ ಆ ಖಾತೆಯವರು ಕೆಲಸ ಬಿಟ್ಟಿರುತ್ತಾರೆ.

ಎಕ್ಸೆಲ್ ಬಿಟ್ಟು ಬೇರೆ ಸಾಫ್ಟ್‌ವೇರ್‌ಗೆ ಯಾವಾಗ ಹೋಗಬೇಕು?

ಎಷ್ಟು ವಸ್ತು ಅನ್ನುವುದಕ್ಕಿಂತ ಎಷ್ಟು ಜನ ಬರೆಯುತ್ತಾರೆ ಅನ್ನುವುದು ಮುಖ್ಯ. ಒಬ್ಬರೇ ಬರೆಯುವುದಾದರೆ ಇನ್ನೂರು ವಸ್ತುವಿಗೂ ಶೀಟ್ ಸಾಕು. ಮೂರು ನಾಲ್ಕು ಜನ ಬರೆಯಲು ಶುರು ಮಾಡಿದರೆ ಯಾರು ಯಾವಾಗ ಏನು ಬದಲಿಸಿದರು ಅಂತ ತಾನಾಗಿ ದಾಖಲಾಗುವ ವ್ಯವಸ್ಥೆ ಬೇಕಾಗುತ್ತದೆ. Snipe-IT ಮತ್ತು GLPI ಎರಡೂ ಓಪನ್ ಸೋರ್ಸ್, ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಆದರೆ ಆ ಸರ್ವರ್‌ನ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಒಬ್ಬರು ಬೇಕು. ಅಂಥವರು ಇಲ್ಲದಿದ್ದರೆ ಶೀಟಿನಲ್ಲೇ ಇರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹೋಗುವುದೇ ಆದರೆ ಶೀಟನ್ನು ಸಿಎಸ್‌ವಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಪಠ್ಯದ ಫೈಲ್ ಮಾಡಿ ಆಮದು ಮಾಡಬೇಕಾಗುತ್ತದೆ. ಉಳಿಸಿದ ಸಿಎಸ್‌ವಿಯನ್ನು "ಸರಿ ಇದೆಯಾ ನೋಡೋಣ" ಅಂತ ಎಕ್ಸೆಲ್‌ನಲ್ಲಿ ಮತ್ತೆ ತೆರೆದು ಸೇವ್ ಮಾಡಬೇಡಿ. ಸಿಎಸ್‌ವಿಗೆ `Text` ಕಾಲಂ ಅನ್ನುವುದು ಇಲ್ಲ, ಜತನದಿಂದ ಉಳಿಸಿದ ಸೊನ್ನೆಗಳೆಲ್ಲ ಆ ಒಂದು ಸೇವ್‌ನಲ್ಲಿ ಹೋಗುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಮೊದಲು ಐದು ಸಾಲು ಮಾತ್ರ ಆಮದು ಮಾಡಿ, ಸೀರಿಯಲ್, ದಿನಾಂಕ ಎರಡೂ ಸರಿಯಾಗಿ ಬಂದಿವೆ ಅಂತ ಕಂಡ ಮೇಲೆ ಉಳಿದದ್ದನ್ನು ಹಾಕಿ.